ಒಟ್ಟು ಸರಿಯಿದೆ, ಹಾಲು ಮಾತ್ರ ಬೇರೆಯವರ ಹೆಸರಿಗೆ ಹೋಗಿದೆ: ಶಿಫ್ಟ್ ಹಿಡಿದು ಸೆಲ್ ಎಳೆದಾಗ ಆಗುವ ಎಡವಟ್ಟು ಪತ್ತೆ ಮಾಡುವುದು

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಫೋನ್ ಬಂತು. ನಮ್ಮ ಕಡೆಯ ಒಂದು ಹಳ್ಳಿಯ ಹಾಲಿನ ಸಂಘದ ಕಾರ್ಯದರ್ಶಿ. "ಸಾರ್, ಎಕ್ಸೆಲ್‌ನಲ್ಲಿ ಒಟ್ಟು ಲೀಟರ್ ಸರಿಯಾಗೇ ಬರ್ತಿದೆ. ಆದ್ರೆ ಒಬ್ಬರು ಬಂದು, ನಾನು ಹದಿನೈದು ಲೀಟರ್ ಹಾಕಿದ್ದೆ, ನೀವು ಒಂಬತ್ತೂವರೆ ಬರೆದಿದ್ದೀರಲ್ಲ ಅಂತ ಕೂತಿದ್ದಾರೆ. ಫಾರ್ಮುಲಾ ಕೆಟ್ಟುಹೋಗಿದೆಯಾ?"

ಫಾರ್ಮುಲಾ ಕೆಟ್ಟಿರಲಿಲ್ಲ. ಪಟ್ಟಿಯಲ್ಲಿ ಒಂದು ಹೆಸರು ಕೆಳಗೆ ಸೇರಿಹೋಗಿತ್ತು. ಅದನ್ನು ಮೌಸ್‌ನಿಂದ ಎಳೆದು ಮೇಲೆ ತಂದು ಸರಿಯಾದ ಜಾಗದಲ್ಲಿ ಸೇರಿಸಿದ್ದರು. ಎಳೆದದ್ದು ಹೆಸರನ್ನು ಮಾತ್ರ, ಹಾಲಿನ ಲೆಕ್ಕವನ್ನು ಅಲ್ಲಿಯೇ ಬಿಟ್ಟಿದ್ದರು. ನಾಲ್ಕು ಜನರ ಹಾಲು ಅದಲುಬದಲಾಗಿತ್ತು. ಪರದೆಯ ಮೇಲೆ ಒಂದು ತಪ್ಪು ಸೂಚನೆಯೂ ಬಂದಿರಲಿಲ್ಲ.

ಸೆಲ್ ಎಳೆದು ಸರಿಸುವಾಗ ಹಲವು ತಪ್ಪುಗಳಾಗುತ್ತವೆ. ಬಹಳಷ್ಟು ತಪ್ಪುಗಳು ತಕ್ಷಣ ಕಣ್ಣಿಗೆ ಬೀಳುತ್ತವೆ. ಇದು ಬೀಳುವುದಿಲ್ಲ. ಅದಕ್ಕೇ ಇದನ್ನು ಮೊದಲು ಬಿಡಿಸಿ ಹೇಳುತ್ತೇನೆ, ಉಳಿದವನ್ನು ಆಮೇಲೆ ನೋಡೋಣ.

## ಎಳೆಯುವುದರಲ್ಲಿ ನಾಲ್ಕು ಬಗೆ

ಮುಂದಿನದೆಲ್ಲ ವಿಂಡೋಸ್‌ನಲ್ಲಿ ನಡೆಯುವ ಎಕ್ಸೆಲ್ ಬಗ್ಗೆ. ಸೆಲ್‌ಗಳನ್ನು ಆಯ್ಕೆ ಮಾಡಿದಾಗ ಸುತ್ತ ಒಂದು ಹಸಿರು ಗೆರೆ ಬರುತ್ತದೆ. ಮೌಸ್ ಬಾಣವನ್ನು ಆ ಗೆರೆಯ ಮೇಲೆ ತಂದರೆ ನಾಲ್ಕು ದಿಕ್ಕಿನ ಬಾಣ ಕಾಣುತ್ತದೆ. ಅಲ್ಲಿ ಹಿಡಿದು ಎಳೆಯಬೇಕು.

ಯಾವ ಕೀಯೂ ಒತ್ತದೆ ಎಳೆದರೆ ಸೆಲ್ ಜಾಗ ಬದಲಿಸುತ್ತದೆ. ಹೋಗಿ ಬಿದ್ದ ಜಾಗದಲ್ಲಿ ಮೊದಲೇ ಏನಾದರೂ ಇದ್ದರೆ ಅದು ಅಳಿಸಿಹೋಗುತ್ತದೆ. ಕಂಟ್ರೋಲ್ ಒತ್ತಿ ಎಳೆದರೆ ನಕಲು ಬೀಳುತ್ತದೆ, ಮೂಲ ಅಲ್ಲೇ ಉಳಿಯುತ್ತದೆ. ಬಾಣದ ಪಕ್ಕ ಚಿಕ್ಕ ಕೂಡು ಗುರುತು ಬಂದರೆ ನಕಲು ಅಂತ ಅರ್ಥ. ಶಿಫ್ಟ್ ಒತ್ತಿ ಎಳೆದರೆ ಇರುವ ಸೆಲ್‌ಗಳನ್ನು ಅಳಿಸದೆ, ಅವುಗಳ ನಡುವೆ ಜಾಗ ಮಾಡಿಕೊಂಡು ಕೂರುತ್ತದೆ. ಕಂಟ್ರೋಲ್ ಮತ್ತು ಶಿಫ್ಟ್ ಎರಡನ್ನೂ ಒತ್ತಿದರೆ ನಕಲು ನಡುವೆ ಸೇರುತ್ತದೆ.

ಶಿಫ್ಟ್ ಹಿಡಿದಾಗ ನೋಡಬೇಕಾದ ಗುರುತು ಒಂದಿದೆ. ಸೆಲ್ ಆಕಾರದ ಚೌಕ ಮಾಯವಾಗಿ, ಎರಡು ಸೆಲ್‌ಗಳ ನಡುವೆ ಒಂದು ದಪ್ಪ ಗೆರೆ ಕಾಣುತ್ತದೆ. ಗೆರೆ ಅಡ್ಡ ಮಲಗಿದ್ದರೆ ಸೆಲ್‌ಗಳು ಕೆಳಕ್ಕೆ ಸರಿಯುತ್ತವೆ. ಗೆರೆ ನೆಟ್ಟಗೆ ನಿಂತಿದ್ದರೆ ಬಲಕ್ಕೆ ಸರಿಯುತ್ತವೆ. ಮೌಸ್ ಒಂಚೂರು ಆಚೀಚೆ ಆದರೂ ಮಲಗಿದ ಗೆರೆ ಎದ್ದು ನಿಲ್ಲುತ್ತದೆ. ಬೆರಳು ಬಿಡುವ ಮುಂಚೆ ಗೆರೆ ಹೇಗಿದೆ ಅಂತ ನೋಡುವುದು ರೂಢಿಯಾಗಬೇಕು.

## ಹೆಸರು ಒಬ್ಬರದು, ಲೀಟರ್ ಇನ್ನೊಬ್ಬರದು

ಕಾರ್ಯದರ್ಶಿಯವರ ಹಾಳೆಯನ್ನು ಚಿಕ್ಕದು ಮಾಡಿ, ಹೆಸರು ಮತ್ತು ಅಂಕಿಗಳನ್ನು ಬದಲಿಸಿ ಇಲ್ಲಿ ಕೊಡುತ್ತಿದ್ದೇನೆ. ಎಳೆಯುವ ಮುಂಚೆ ಹೀಗಿತ್ತು. ಎಡಗಡೆ ಇರುವುದು ಹಾಳೆಯ ಸಾಲಿನ ಸಂಖ್ಯೆ.

| ಸಾಲು | A: ಸದಸ್ಯ ಸಂಖ್ಯೆ | B: ಹೆಸರು | C: ಬೆಳಗ್ಗೆ | D: ಸಂಜೆ | E: ಒಟ್ಟು |
|---|---|---|---|---|---|
| 2 | 101 | ಗೌರಮ್ಮ | 4.5 | 4 | 8.5 |
| 3 | 102 | ಶಿವಣ್ಣ | 6 | 5.5 | 11.5 |
| 4 | 104 | ಲಕ್ಷ್ಮಮ್ಮ | 3 | 2.5 | 5.5 |
| 5 | 105 | ರಂಗಪ್ಪ | 8 | 7 | 15 |
| 6 | 106 | ಜಯಮ್ಮ | 5 | 4.5 | 9.5 |
| 7 | 103 | ನಿಂಗಪ್ಪ | 2 | 1.5 | 3.5 |
| 8 | 107 | ಸಾವಿತ್ರಮ್ಮ | 7.5 | 6.5 | 14 |
| 9 | 108 | ಬಸವರಾಜು | 4 | 3.5 | 7.5 |
| 10 | | ಒಟ್ಟು | | | 75 |

E ಕಾಲಂನಲ್ಲಿ ಪ್ರತಿ ಸಾಲಿಗೂ `=C2+D2` ತರಹದ ಫಾರ್ಮುಲಾ. E10 ರಲ್ಲಿ `=SUM(E2:E9)`.

103ನೇ ನಂಬರಿನ ನಿಂಗಪ್ಪ 7ನೇ ಸಾಲಿನಲ್ಲಿದ್ದಾರೆ. ಅವರು 102 ಆದಮೇಲೆ ಬರಬೇಕು. ಕಾರ್ಯದರ್ಶಿ A7 ಮತ್ತು B7 ಆಯ್ಕೆ ಮಾಡಿ, ಶಿಫ್ಟ್ ಹಿಡಿದು, 3 ಮತ್ತು 4ನೇ ಸಾಲಿನ ನಡುವೆ ಬಿಟ್ಟರು. A ಕಾಲಂ ನೋಡಿದರೆ 101, 102, 103, 104 ಅಂತ ಅಚ್ಚುಕಟ್ಟಾಗಿ ಕೂತಿದೆ. ಕೆಲಸ ಆಯ್ತು ಅಂದುಕೊಂಡರು.

ಒಳಗೆ ಆದದ್ದು ಇದು. ಶಿಫ್ಟ್ ಹಿಡಿದು ಎಳೆದಾಗ ಸರಿಯುವುದು ನೀವು ಆಯ್ಕೆ ಮಾಡಿದ ಕಾಲಂಗಳು ಮಾತ್ರ. ಇಲ್ಲಿ A ಮತ್ತು B. ಈ ಎರಡರಲ್ಲಿ 4, 5, 6ನೇ ಸಾಲಿನವರು ಒಂದೊಂದು ಮನೆ ಕೆಳಗಿಳಿದರು. ನಿಂಗಪ್ಪ ಬಿಟ್ಟುಹೋದ 7ನೇ ಜಾಗಕ್ಕೆ ಜಯಮ್ಮ ಬಂದರು. C, D, E ಕಾಲಂಗಳು ಅಲುಗಾಡಲೇ ಇಲ್ಲ. ಈಗ ಹಾಳೆ ಹೀಗಿದೆ:

| ಸಾಲು | A | B | E ರಲ್ಲಿ ಇರುವುದು | ಇರಬೇಕಾದದ್ದು |
|---|---|---|---|---|
| 4 | 103 | ನಿಂಗಪ್ಪ | 5.5 | 3.5 |
| 5 | 104 | ಲಕ್ಷ್ಮಮ್ಮ | 15 | 5.5 |
| 6 | 105 | ರಂಗಪ್ಪ | 9.5 | 15 |
| 7 | 106 | ಜಯಮ್ಮ | 3.5 | 9.5 |

ಹದಿನೈದು ಲೀಟರಿನ ರಂಗಪ್ಪನವರಿಗೆ ಒಂಬತ್ತೂವರೆ. ಐದೂವರೆ ಲೀಟರಿನ ಲಕ್ಷ್ಮಮ್ಮನವರಿಗೆ ಹದಿನೈದು. E10 ರಲ್ಲಿ ಮಾತ್ರ 75 ಹಾಗೇ ಇದೆ, ಯಾಕಂದ್ರೆ E ಕಾಲಂನಲ್ಲಿ ಒಂದು ಅಂಕಿಯೂ ಬದಲಾಗಿಲ್ಲ. "ಒಟ್ಟು ತಾಳೆಯಾಗಿದೆ" ಅನ್ನುವುದು ಇಲ್ಲಿ ಯಾವ ಭರವಸೆಯನ್ನೂ ಕೊಡುವುದಿಲ್ಲ. ಲೆಕ್ಕ ಬರೆಯುವವರು ಕೊನೆಗೆ ನೋಡುವುದು ಒಟ್ಟನ್ನೇ ಅಲ್ವಾ? ಹಾಗಾಗಿ ಈ ತಪ್ಪು ಹಣ ಕೊಡುವ ದಿನದವರೆಗೂ ಸಿಕ್ಕಿಬೀಳದೆ ಹೋಗುತ್ತದೆ.

### ತಪ್ಪು ಎಷ್ಟು ಸಾಲಿಗೆ ತಗುಲಿದೆ?

ಇದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಸರಿಪಡಿಸುವ ದಾರಿ ಅದರ ಮೇಲೆಯೇ ನಿಂತಿದೆ. ಕೈಬರಹದ ಪುಸ್ತಕ ಪಕ್ಕಕ್ಕಿಟ್ಟುಕೊಂಡು ಮೇಲಿನಿಂದ ಒಂದೊಂದೇ ಸಾಲು ನೋಡುತ್ತಾ ಬನ್ನಿ.

ಮೇಲಿನ ಕೆಲವು ಸಾಲು ಸರಿ, ನಡುವೆ ಒಂದಷ್ಟು ತಪ್ಪು, ಆಮೇಲೆ ಮತ್ತೆ ಸರಿ ಅಂತ ಬಂದರೆ ಅದು ಶಿಫ್ಟ್ ಎಳೆತ. ತಪ್ಪು ಶುರುವಾಗುವ ಸಾಲು ಮತ್ತು ಮುಗಿಯುವ ಸಾಲು, ಎಳೆತದ ಎರಡು ತುದಿಗಳು. ನಮ್ಮ ಉದಾಹರಣೆಯಲ್ಲಿ 4 ಮತ್ತು 7. ಕೆಳಗಿನಿಂದ ಮೇಲಕ್ಕೆ ಎಳೆದರೆ ಮೇಲಿನ ತುದಿಯಲ್ಲಿರುವವರೇ ಎಳೆಸಿಕೊಂಡವರು. ಮೇಲಿನಿಂದ ಕೆಳಕ್ಕೆ ಎಳೆದಿದ್ದರೆ ಕೆಳಗಿನ ತುದಿಯವರು.

ತಪ್ಪು ಒಂದು ಸಾಲಿನಲ್ಲಿ ಶುರುವಾಗಿ ಪಟ್ಟಿಯ ಕೊನೆವರೆಗೂ ಹೋಗಿದ್ದರೆ ಕಥೆ ಬೇರೆ. ಅಲ್ಲಿ ಶಿಫ್ಟ್ ಜೊತೆ ಕಂಟ್ರೋಲ್ ಕೂಡ ಒತ್ತಿಹೋಗಿದೆ, ಅಂದರೆ ನಕಲು ನಡುವೆ ಸೇರಿದೆ. ಆಗ ಒಂದೇ ಹೆಸರು ಎರಡು ಕಡೆ ಸಿಗುತ್ತದೆ. ಇನ್ನೊಂದು ಗುರುತು ಪಟ್ಟಿಯ ಬುಡದಲ್ಲಿದೆ. B10 ರಲ್ಲಿದ್ದ "ಒಟ್ಟು" ಅನ್ನುವ ಪದ B11 ಕ್ಕೆ ಜಾರಿರುತ್ತದೆ. E10 ರ 75 ಮಾತ್ರ ಅಲ್ಲೇ ಇರುತ್ತದೆ. ನೋಡುವವರಿಗೆ ಬಸವರಾಜು ಒಬ್ಬರೇ 75 ಲೀಟರ್ ಹಾಕಿದ ಹಾಗೆ ಕಾಣುತ್ತದೆ.

### ಸರಿಮಾಡುವುದು

ಈಗಷ್ಟೇ ಆಗಿದ್ದರೆ ಕಂಟ್ರೋಲ್ ಝಡ್ ಒತ್ತಿ, ಮುಗಿಯಿತು. ಫೈಲ್ ಮುಚ್ಚಿ ತೆರೆದಿದ್ದರೆ ಹಿಂದಕ್ಕೆ ಹೋಗಲು ಆಗುವುದಿಲ್ಲ. ಆಗ ಕೈಯಿಂದಲೇ ಮಾಡಬೇಕು.

ಶಿಫ್ಟ್ ಎಳೆತವಾಗಿದ್ದರೆ, ಹಿಂದೆ ಉಳಿದ ಲೆಕ್ಕವನ್ನೂ ಅದೇ ದಾರಿಯಲ್ಲಿ ಎಳೆದುಬಿಡಿ. ನಿಂಗಪ್ಪನವರ ಹಾಲು ಇನ್ನೂ C7, D7, E7 ರಲ್ಲೇ ಇದೆ. ಈ ಮೂರನ್ನೂ ಆಯ್ಕೆ ಮಾಡಿ, ಶಿಫ್ಟ್ ಹಿಡಿದು, 3 ಮತ್ತು 4ನೇ ಸಾಲಿನ ನಡುವೆ C ಇಂದ E ವರೆಗೆ ಅಡ್ಡ ಗೆರೆ ಕಂಡಾಗ ಬಿಡಿ. ನಾಲ್ಕೂ ಜನರ ಲೆಕ್ಕ ಅವರವರ ಹೆಸರಿನ ಮುಂದೆ ಬಂದು ಕೂರುತ್ತದೆ.

ಇಲ್ಲೊಂದು ಗುಂಡಿ ಇದೆ, ನಾನೂ ಬಿದ್ದಿದ್ದೇನೆ. E ರಲ್ಲಿ ಫಾರ್ಮುಲಾ ಇದೆಯಲ್ಲ, ಅದು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ ಅಂತ C7 ಮತ್ತು D7 ಮಾತ್ರ ಎಳೆಯಬೇಡಿ. ಎಕ್ಸೆಲ್‌ನಲ್ಲಿ ಒಂದು ಸೆಲ್ ಜಾಗ ಬದಲಿಸಿದರೆ, ಅದನ್ನು ನೋಡುತ್ತಿದ್ದ ಫಾರ್ಮುಲಾ ಅದರ ಹಿಂದೆಯೇ ಹೋಗುತ್ತದೆ. C7 ರಲ್ಲಿದ್ದದ್ದು C4 ಕ್ಕೆ ಹೋದರೆ, E7 ರ ಫಾರ್ಮುಲಾ `=C4+D4` ಆಗುತ್ತದೆ. E4 ರಲ್ಲಿರುವುದು `=C5+D5` ಆಗುತ್ತದೆ. ಬೆಳಗ್ಗೆ, ಸಂಜೆ ಎರಡೂ ಸರಿ, ಒಟ್ಟು ಮಾತ್ರ ಪಕ್ಕದವರದು. ಮೊದಲಿಗಿಂತ ಹುಡುಕಲು ಕಷ್ಟ.

ಹಾಗಾಗಿ ಎಳೆದಾದ ಮೇಲೆ E4 ರ ಮೇಲೆ ಕ್ಲಿಕ್ ಮಾಡಿ, ಮೇಲಿನ ಫಾರ್ಮುಲಾ ಪಟ್ಟಿ ನೋಡಿ. 4ನೇ ಸಾಲಿನ ಫಾರ್ಮುಲಾದಲ್ಲಿ 4 ಇರಬೇಕು, 5ರದ್ದರಲ್ಲಿ 5. ಹೊಂದದಿದ್ದರೆ E2 ಆಯ್ಕೆ ಮಾಡಿ, ಅದರ ಬಲ ಕೆಳಮೂಲೆಯ ಚಿಕ್ಕ ಚೌಕವನ್ನು ಹಿಡಿದು E9 ರವರೆಗೆ ಎಳೆಯಿರಿ. ಆಗ ಎಲ್ಲ ಫಾರ್ಮುಲಾಗಳೂ ತಮ್ಮ ಸಾಲಿಗೆ ಮರಳುತ್ತವೆ. E10 ರ ಮೇಲೆ ಎಳೆಯಬೇಡಿ, ಅಲ್ಲಿ `SUM` ಇದೆ.

ನಕಲು ನಡುವೆ ಸೇರಿದ್ದರೆ ಕೆಲಸ ಸುಲಭ. ಹೊಸದಾಗಿ ಸೇರಿದ ಸೆಲ್‌ಗಳನ್ನು, ಅಂದರೆ A4 ಮತ್ತು B4 ಆಯ್ಕೆ ಮಾಡಿ, ಬಲ ಕ್ಲಿಕ್‌ನಲ್ಲಿ `Delete` ಕೊಟ್ಟು `Shift cells up` ಆರಿಸಿ. ಕೆಳಗಿನವೆಲ್ಲ ಒಂದು ಮನೆ ಮೇಲೆ ಬಂದು ಮೊದಲಿನ ಸ್ಥಿತಿಗೆ ಹೋಗುತ್ತದೆ. ಕೀಬೋರ್ಡಿನ ಡಿಲೀಟ್ ಕೀ ಒತ್ತಿದರೆ ಬರಹ ಅಳಿಯುತ್ತದೆ ಅಷ್ಟೇ, ಸೆಲ್ ಹೋಗುವುದಿಲ್ಲ. ಅದು ಇಲ್ಲಿ ಉಪಯೋಗಕ್ಕೆ ಬಾರದು.

### ಮುಂದಿನ ಸಲ ಸಿಕ್ಕಿಬೀಳುವ ಹಾಗೆ

ಕಾರ್ಯದರ್ಶಿಯವರ ನಿಜವಾದ ಹಾಳೆಯಲ್ಲಿ ಎಂಟು ಜನ ಅಲ್ಲ, ನೂರಕ್ಕೂ ಜಾಸ್ತಿ ಇದ್ದರು. ಅಷ್ಟನ್ನೂ ಕಣ್ಣಿಂದ ನೋಡುವುದು ಕಷ್ಟ. ಅವರಿಗೆ ಒಂದು ಅಭ್ಯಾಸ ಹೇಳಿಕೊಟ್ಟೆ. ಸರಿಸುವ ಕೆಲಸಕ್ಕೆ ಕೈ ಹಾಕುವ ಮುಂಚೆ, ಪರದೆಯ ಕೆಳತುದಿಯಲ್ಲಿ ಹಾಳೆಯ ಹೆಸರು ಬರೆದಿರುವ ಟ್ಯಾಬನ್ನು ಕಂಟ್ರೋಲ್ ಹಿಡಿದು ಪಕ್ಕಕ್ಕೆ ಎಳೆಯಿರಿ. ಇಡೀ ಹಾಳೆಯ ನಕಲು ಸಿಗುತ್ತದೆ. ಅದಕ್ಕೆ `old` ಅಂತ ಹೆಸರಿಡಿ. ಸೆಲ್ ಸರಿಸುವುದೆಲ್ಲ ಮುಗಿದ ಮೇಲೆ, ಮೊದಲಿನ ಹಾಳೆಯಲ್ಲಿ ಖಾಲಿ ಇರುವ G2 ರಲ್ಲಿ ಇದನ್ನು ಬರೆದು G9 ರವರೆಗೆ ಎಳೆಯಿರಿ:

```
=VLOOKUP(A2,old!$A$2:$E$9,5,FALSE)=E2
```

ಇದು ಸದಸ್ಯ ಸಂಖ್ಯೆ ಹಿಡಿದು ಹಳೆಯ ಹಾಳೆಯಲ್ಲಿ ಅವರ ಒಟ್ಟನ್ನು ಹುಡುಕುತ್ತದೆ. ಈಗಿನ ಒಟ್ಟಿಗೆ ಹೊಂದಿದರೆ `TRUE`, ಇಲ್ಲದಿದ್ದರೆ `FALSE`. ನಮ್ಮ ಕೆಟ್ಟ ಹಾಳೆಯಲ್ಲಿ ಇದನ್ನು ಹಾಕಿದರೆ 4, 5, 6, 7ನೇ ಸಾಲಿನಲ್ಲಿ `FALSE` ಬರುತ್ತದೆ, ಉಳಿದ ನಾಲ್ಕರಲ್ಲಿ `TRUE`. ಎಳೆತ ಎಲ್ಲಿಂದ ಎಲ್ಲಿಗೆ ಆಯಿತು ಅಂತ ಬೆರಳಿಟ್ಟು ತೋರಿಸಿದ ಹಾಗೆ.

ಇದಕ್ಕೊಂದು ಮಿತಿ ಇದೆ. ಹೆಸರಿನ ಕಾಲಂ ಒಂದನ್ನೇ, ಅಂದರೆ B7 ಮಾತ್ರ ಎಳೆದಿದ್ದರೆ, A ಮತ್ತು E ಎರಡೂ ಅಲ್ಲಾಡಿರುವುದಿಲ್ಲ. ಆಗ ಎಲ್ಲ ಸಾಲಿನಲ್ಲೂ `TRUE` ಬರುತ್ತದೆ. ಅದಕ್ಕೆ H2 ರಲ್ಲಿ ಇನ್ನೊಂದು ಬರೆಯಿರಿ, ಇದು ಹೆಸರನ್ನು ತಾಳೆ ನೋಡುತ್ತದೆ:

```
=VLOOKUP(A2,old!$A$2:$E$9,2,FALSE)=B2
```

ಹುಡುಕಲು ಹೆಸರನ್ನು ಬಳಸದೆ ಸದಸ್ಯ ಸಂಖ್ಯೆಯನ್ನು ಬಳಸಿದ್ದು ಬೇಕಂತಲೇ. ಒಂದೇ ಊರಿನಲ್ಲಿ ಮೂರು ಜನ ಲಕ್ಷ್ಮಮ್ಮ ಇರುತ್ತಾರೆ. `VLOOKUP` ಮೊದಲು ಸಿಕ್ಕವರನ್ನೇ ಹಿಡಿದುಕೊಳ್ಳುತ್ತದೆ.

ತಪ್ಪೇ ಆಗದಂತೆ ಎಳೆಯಲು ಇಡೀ ಸಾಲನ್ನು ಎಳೆಯಬೇಕು. ಎಡಗಡೆಯ ಸಾಲಿನ ಸಂಖ್ಯೆ 7 ರ ಮೇಲೆ ಕ್ಲಿಕ್ ಮಾಡಿ. ಇಡೀ ಸಾಲು ಆಯ್ಕೆಯಾಗುತ್ತದೆ. ಅದರ ಮೇಲಿನ ಅಥವಾ ಕೆಳಗಿನ ಹಸಿರು ಗೆರೆಯನ್ನು ಹಿಡಿದು, ಶಿಫ್ಟ್ ಒತ್ತಿ ಎಳೆಯಿರಿ. ಹೆಸರು, ಲೀಟರ್, ಫಾರ್ಮುಲಾ ಎಲ್ಲವೂ ಒಟ್ಟಿಗೆ ಬರುತ್ತವೆ. ಪಕ್ಕದಲ್ಲಿ, ಉದಾಹರಣೆಗೆ M ಕಾಲಂನ ಆಚೆ, ಬೇರೆ ಪಟ್ಟಿ ಏನಾದರೂ ಇದ್ದರೆ ಅದೂ ಸರಿಯುತ್ತದೆ, ಅದನ್ನು ಮೊದಲೇ ನೋಡಿಕೊಳ್ಳಿ. ಇನ್ನು ಹತ್ತಾರು ಹೆಸರು ಕ್ರಮ ತಪ್ಪಿದ್ದರೆ ಎಳೆಯುವ ಗೋಜಿಗೇ ಹೋಗಬೇಡಿ. A2 ಇಂದ E9 ರವರೆಗೆ ಆಯ್ಕೆ ಮಾಡಿ ಸದಸ್ಯ ಸಂಖ್ಯೆಯ ಮೇಲೆ `Sort` ಮಾಡಿ. ಎಳೆಯುವುದು ಒಂದೆರಡು ಸಾಲಿಗೆ ಮಾತ್ರ ಒಳ್ಳೆಯದು.

ಪಟ್ಟಿಯ ಮೊದಲ ಸಾಲನ್ನೋ ಕೊನೆಯ ಸಾಲನ್ನೋ ಸರಿಸಿದಾಗ, ಅಥವಾ ಆ ತುದಿಗಳಿಗೆ ತಂದು ಸೇರಿಸಿದಾಗ, E10 ರ `SUM` ಒಳಗೆ `E2:E9` ಹಾಗೇ ಇದೆಯಾ ಅಂತ ಒಮ್ಮೆ ನೋಡಿ. ನಡುವೆ ಸೇರಿಸಿದರೆ ತೊಂದರೆ ಬರುವುದಿಲ್ಲ. ತುದಿಯಲ್ಲಿ ಸೇರಿಸಿದ ಸಾಲು ಒಟ್ಟಿನಿಂದ ಹೊರಗೆ ಉಳಿದುಬಿಡಬಹುದು.

## ಶಿಫ್ಟ್ ಹಿಡಿದಿದ್ದರೂ "ಅಳಿಸಲಾ?" ಅಂತ ಕೇಳುತ್ತದೆ

ಎಳೆದು ಬಿಟ್ಟ ತಕ್ಷಣ ಈ ಸಂದೇಶ ಬರುತ್ತದೆ:

`There's already data here. Do you want to replace it?`

ಇದು ಬಂತು ಅಂದರೆ ಎಕ್ಸೆಲ್‌ಗೆ ನಿಮ್ಮ ಶಿಫ್ಟ್ ಕಂಡಿಲ್ಲ. ನಡುವೆ ಸೇರಿಸುವ ಬದಲು ಮೇಲೆ ಬರೆಯಲು ಹೊರಟಿದೆ. ಮೊದಲು `Cancel` ಒತ್ತಿ.

ನಾನು ನೋಡಿದ ಹತ್ತರಲ್ಲಿ ಒಂಬತ್ತು ಸಲ ಇದಕ್ಕೆ ಕಾರಣ ಬೆರಳಿನ ಸರದಿ. ಎಕ್ಸೆಲ್ ತೀರ್ಮಾನ ಮಾಡುವುದು ಮೌಸ್ ಬಟನ್ ಬಿಡುವ ಕ್ಷಣದಲ್ಲಿ. ಆಗ ಶಿಫ್ಟ್ ಒತ್ತಿರಬೇಕು. ಜನ ಗೆರೆ ಸರಿಯಾದ ಜಾಗಕ್ಕೆ ಬಂದ ಕೂಡಲೇ ಎರಡೂ ಕೈಯನ್ನು ಒಟ್ಟಿಗೆ ಎತ್ತುತ್ತಾರೆ. ಶಿಫ್ಟ್ ಕೂದಲೆಳೆಯಷ್ಟು ಮುಂಚೆ ಬಿಟ್ಟರೂ ಸಾಕು, ಕೆಲಸ ಕೆಟ್ಟಿತು. ಮೊದಲು ಮೌಸ್ ಬಿಡಿ. ಸೆಲ್ ಹೋಗಿ ಕೂತದ್ದು ಕಣ್ಣಿಗೆ ಕಂಡ ಮೇಲೆ ಶಿಫ್ಟ್ ಬಿಡಿ.

ಶುರುವಿನಲ್ಲೂ ಒಂದು ತೊಡಕಿದೆ. ಶಿಫ್ಟ್ ಒತ್ತಿಕೊಂಡು ಸೆಲ್‌ನ ಒಳಗೆ ಕ್ಲಿಕ್ ಮಾಡಿದರೆ ಆಯ್ಕೆ ಅಲ್ಲಿಯವರೆಗೆ ಉದ್ದವಾಗುತ್ತದೆ, ಸೆಲ್ ಎಳೆಯಲು ಬರುವುದಿಲ್ಲ. ಹೊಸಬರಿಗೆ ನಾನು ಹೇಳುವುದು ಹೀಗೆ: ಮೊದಲು ಗೆರೆ ಹಿಡಿದು ಎಳೆಯಲು ಶುರುಮಾಡಿ, ದಾರಿಯಲ್ಲಿ ಶಿಫ್ಟ್ ಒತ್ತಿ, ಗೆರೆ ಮಲಗಿದ್ದು ನೋಡಿ, ಮೌಸ್ ಬಿಡಿ, ಕೊನೆಗೆ ಶಿಫ್ಟ್ ಬಿಡಿ. ನಡುವೆ ಗಾಬರಿಯಾದರೆ ಮೌಸ್ ಬಿಡದೆ ಎಸ್ಕೇಪ್ ಒತ್ತಿ. ಎಳೆತ ರದ್ದಾಗುತ್ತದೆ.

ಎಡಗಡೆಯದರ ಬದಲು ಬಲಗಡೆಯ ಶಿಫ್ಟ್ ಬಳಸುವವರಿಗೆ ಇನ್ನೊಂದು ಅನುಭವ ಆಗಿರುತ್ತದೆ. ಯೋಚನೆ ಮಾಡುತ್ತಾ ಎಂಟು ಸೆಕೆಂಡ್ ಅದನ್ನು ಒತ್ತಿ ಹಿಡಿದರೆ ವಿಂಡೋಸ್ `Filter Keys` ಬೇಕಾ ಅಂತ ಕೇಳುತ್ತದೆ. ಶಿಫ್ಟ್ ಅನ್ನು ಐದು ಸಲ ಬಡಿದರೆ `Sticky Keys` ಬೇಕಾ ಅನ್ನುತ್ತದೆ. ಗೊತ್ತಿಲ್ಲದೆ ಹೌದು ಅಂದಿದ್ದರೆ ಕೀಗಳು ವಿಚಿತ್ರವಾಗಿ ನಡೆದುಕೊಳ್ಳುತ್ತವೆ. ವಿಂಡೋಸ್ ಸೆಟ್ಟಿಂಗ್ಸ್‌ನ `Accessibility` ಒಳಗೆ ಕೀಬೋರ್ಡ್ ಭಾಗದಲ್ಲಿ ಎರಡನ್ನೂ ಆಫ್ ಮಾಡಿ.

ಆ ಸಂದೇಶಕ್ಕೆ ಅವಸರದಲ್ಲಿ `OK` ಕೊಟ್ಟುಬಿಟ್ಟರೆ? ನಮ್ಮ ಹಾಳೆಯಲ್ಲಿ ಲಕ್ಷ್ಮಮ್ಮನವರ ಹೆಸರು ಅಳಿದು ನಿಂಗಪ್ಪನವರದು ಬೀಳುತ್ತದೆ. 7ನೇ ಸಾಲಿನ ಹೆಸರು ಖಾಲಿಯಾಗುತ್ತದೆ. ದೊಡ್ಡ ಪಟ್ಟಿಯಲ್ಲಿ ಇದು ಆಗಿದೆಯಾ ಅಂತ ತಿಳಿಯಲು ಹೆಸರುಗಳನ್ನು ಎಣಿಸಿ:

```
=COUNTA(B2:B9)
```

ಎಂಟು ಬರಬೇಕಾದಲ್ಲಿ ಏಳು ಬಂದರೆ ಒಬ್ಬರು ಅಳಿಸಿಹೋಗಿದ್ದಾರೆ.

ಆ ಸಂದೇಶ ಯಾವಾಗಲೂ ಬಂದು ಕಾಪಾಡುತ್ತದೆ ಅಂತಲೂ ನೆಚ್ಚಿಕೊಳ್ಳಬೇಡಿ. `File`, `Options`, `Advanced` ಒಳಗೆ `Alert before overwriting cells` ಅಂತ ಒಂದು ಟಿಕ್ ಇದೆ. ಯಾರಾದರೂ ಅದನ್ನು ತೆಗೆದಿದ್ದರೆ ಎಕ್ಸೆಲ್ ಕೇಳದೆಯೇ ಮೇಲೆ ಬರೆಯುತ್ತದೆ. ಹಲವರು ಬಳಸುವ ಕಂಪ್ಯೂಟರ್ ಆದರೆ ಇದನ್ನು ನೋಡಿಡುವುದು ಒಳ್ಳೆಯದು.

## ಬೇರೆ ಹಾಳೆಯಲ್ಲಿ `#REF!` ಬಂದಿದೆ

ಕಾರ್ಯದರ್ಶಿಯವರ ಫೈಲಿನಲ್ಲಿ ಹಣದ ಚೀಟಿಗೆ ಇನ್ನೊಂದು ಹಾಳೆ ಇತ್ತು. ಅದರಲ್ಲಿ ಲಕ್ಷ್ಮಮ್ಮನವರ ಚೀಟಿ `=Sheet1!E4` ಅಂತ ಹಾಲಿನ ಹಾಳೆಯಿಂದ ಲೀಟರ್ ತೆಗೆದುಕೊಳ್ಳುತ್ತಿತ್ತು ಅಂದುಕೊಳ್ಳಿ.

ಶಿಫ್ಟ್ ಹಿಡಿದು ಇಡೀ ಸಾಲನ್ನು ಸರಿಯಾಗಿ ಸೇರಿಸಿದರೆ ಲಕ್ಷ್ಮಮ್ಮ 5ನೇ ಸಾಲಿಗೆ ಹೋಗುತ್ತಾರೆ. ಚೀಟಿಯ ಫಾರ್ಮುಲಾ ತಾನಾಗಿ `=Sheet1!E5` ಆಗುತ್ತದೆ. ಏನೂ ಕೆಡುವುದಿಲ್ಲ. ಶಿಫ್ಟ್ ಇಲ್ಲದೆ E4 ರ ಮೇಲೆ ಬೇರೆ ಸೆಲ್ ತಂದು ಹೇರಿದರೆ, ಹಳೆಯ E4 ಇಲ್ಲವಾಯಿತು ಅಂತ ಎಕ್ಸೆಲ್ ಲೆಕ್ಕ ಹಾಕುತ್ತದೆ. ಚೀಟಿಯಲ್ಲಿ `#REF!` ಬರುತ್ತದೆ. E4 ರಲ್ಲಿ ಅಂಕಿ ಚೆನ್ನಾಗಿಯೇ ಕಾಣುತ್ತಿರುತ್ತದೆ, ಹಾಗಾಗಿ ಜನ ಚೀಟಿಯ ಹಾಳೆಯಲ್ಲೇ ತಪ್ಪು ಹುಡುಕುತ್ತಾ ಕೂರುತ್ತಾರೆ.

ಕಂಟ್ರೋಲ್ ಹಿಡಿದು ನಕಲು ಹೇರಿದರೆ `#REF!` ಬರುವುದಿಲ್ಲ. ಚೀಟಿ ಹೊಸ ಅಂಕಿಯನ್ನು ತೋರಿಸುತ್ತದೆ ಅಷ್ಟೇ. ಹಾಗಾಗಿ ನಡುವೆ ಯಾವ ಸೆಲ್ಲನ್ನೂ ಸಾಲನ್ನೂ ಡಿಲೀಟ್ ಮಾಡಿಲ್ಲ, ಆದರೂ `#REF!` ಬಂದಿದೆ ಅಂದರೆ, ಯಾರೋ ಸೆಲ್ ಎಳೆದು ಇನ್ನೊಂದರ ಮೇಲೆ ಬಿಟ್ಟಿದ್ದಾರೆ ಅಂತ ಅನುಮಾನ ಪಡಿ. ಕಂಟ್ರೋಲ್ ಝಡ್ ಕೆಲಸ ಮಾಡಿದರೆ ಸರಿ. ಇಲ್ಲದಿದ್ದರೆ ಆ ಫಾರ್ಮುಲಾವನ್ನು ಮತ್ತೆ ಟೈಪ್ ಮಾಡಬೇಕು, ಬೇರೆ ದಾರಿ ಇಲ್ಲ.

## ಅಂಕಿಗಳು ಬಲಕ್ಕೆ ಜಾರಿವೆ

ಇಲ್ಲಿಯವರೆಗೆ ಖಾಲಿ ಇದ್ದ F ಕಾಲಂನಲ್ಲಿ ಒಂಟಿ ಅಂಕಿ ಕಂಡರೆ, ಬಿಡುವಾಗ ಗೆರೆ ಎದ್ದು ನಿಂತಿತ್ತು ಅಂತ ತಿಳಿಯಿರಿ. ಆ ಒಂದು ಸಾಲಿನಲ್ಲಿ ಹೆಸರು C ಗೆ ಹೋಗಿದೆ, ಬೆಳಗಿನ ಲೀಟರ್ D ಗೆ, ಸಂಜೆಯದು E ಗೆ, ಒಟ್ಟು F ಗೆ. ಇಲ್ಲಿ E10 ರ ಒಟ್ಟು ಕಡಿಮೆಯಾಗುತ್ತದೆ, ಹಾಗಾಗಿ ಬೇಗ ಸಿಗುತ್ತದೆ. ಕಂಟ್ರೋಲ್ ಝಡ್ ಒತ್ತಿ ಮತ್ತೆ ಎಳೆಯಿರಿ.

ಈ ಗೆರೆಯ ಕಾಟ ಬೇಡ ಅನ್ನುವವರಿಗೆ, ಕೈ ನಡುಗುವ ಹಿರಿಯರಿಗೆ, ನನಗೆ ತುಂಬಾ ಇಷ್ಟವಾದ ಒಂದು ದಾರಿ ಇದೆ. ಮೌಸ್‌ನ ಬಲ ಬಟನ್‌ನಿಂದ ಎಳೆಯಿರಿ. ಯಾವ ಕೀಯೂ ಬೇಡ. ಬಿಟ್ಟಾಗ ಒಂದು ಪಟ್ಟಿ ತೆರೆಯುತ್ತದೆ. `Shift Down and Move` ಅಂದರೆ ಕೆಳಗೆ ಸರಿಸಿ ಸೇರಿಸು. `Shift Down and Copy` ಅಂದರೆ ನಕಲು ಸೇರಿಸು. ಬಲಕ್ಕೆ ಸರಿಸಲು `Shift Right` ಅಂತ ಬೇರೆ ಇದೆ. ಏನಾಗಬೇಕು ಅಂತ ಓದಿ ಆರಿಸಬಹುದು, ಬೇಡ ಅಂದರೆ `Cancel`. ಕಾರ್ಯದರ್ಶಿಯವರು ಈಗ ಇದನ್ನೇ ಬಳಸುತ್ತಾರೆ.

## ಎಳೆಯಲೇ ಬರುತ್ತಿಲ್ಲ, ಅಥವಾ ಬೇರೇನೋ ಆಗುತ್ತಿದೆ

ಹಸಿರು ಗೆರೆಯ ಮೇಲೆ ತಂದರೂ ನಾಲ್ಕು ದಿಕ್ಕಿನ ಬಾಣ ಬರದಿದ್ದರೆ, `File`, `Options`, `Advanced` ಗೆ ಹೋಗಿ `Enable fill handle and cell drag-and-drop` ಟಿಕ್ ಇದೆಯಾ ನೋಡಿ.

ಬಾಣದ ಬದಲು ತೆಳುವಾದ ಕಪ್ಪು ಕೂಡು ಗುರುತು ಕಂಡರೆ ನೀವು ಗೆರೆಯಲ್ಲಿಲ್ಲ, ಬಲ ಕೆಳಮೂಲೆಯ ಚೌಕದ ಮೇಲಿದ್ದೀರಿ. ಅಲ್ಲಿಂದ ಎಳೆದರೆ ಸೆಲ್ ಸರಿಯುವುದಿಲ್ಲ, ಕೆಳಗಿನವುಗಳ ಮೇಲೆ ತುಂಬುತ್ತಾ ಹೋಗುತ್ತದೆ. ಅದೇ ಚೌಕವನ್ನು ಶಿಫ್ಟ್ ಒತ್ತಿ ಎಳೆದರೆ ಖಾಲಿ ಸೆಲ್‌ಗಳು ಸೇರಿಕೊಳ್ಳುತ್ತವೆ. ಪಟ್ಟಿಯ ನಡುವೆ ಕಾರಣವಿಲ್ಲದೆ ಖಾಲಿ ಜಾಗ ಬಂದಿದ್ದರೆ ಹೀಗೇ ಆಗಿರುತ್ತದೆ. ಗೆರೆಯ ನಡುಭಾಗವನ್ನು ಹಿಡಿಯಿರಿ, ಮೂಲೆಗೆ ಹೋಗಬೇಡಿ. ಗೆರೆಯ ಮೇಲೆ ಎರಡು ಸಲ ಕ್ಲಿಕ್ ಆದರೆ ಪಟ್ಟಿಯ ತುದಿಗೆ ಹಾರಿಹೋಗುತ್ತೀರಿ, ಅದರಿಂದ ಏನೂ ಕೆಡುವುದಿಲ್ಲ.

ವಿಲೀನ ಮಾಡಿದ ಸೆಲ್‌ಗಳು ದಾರಿಯಲ್ಲಿದ್ದರೆ, ಅಥವಾ ಫಿಲ್ಟರ್ ಹಾಕಿದ್ದರೆ, ಶಿಫ್ಟ್ ಎಳೆತ ಮಾಡಬೇಡಿ. ಮೊದಲು ಎರಡನ್ನೂ ತೆಗೆಯಿರಿ. ಫಿಲ್ಟರ್ ಇದ್ದಾಗ ಕಾಣದ ಸಾಲುಗಳಿಗೆ ಏನಾಯಿತು ಅಂತ ನಿಮಗೆ ತಿಳಿಯುವುದೇ ಇಲ್ಲ.

## ಲಿಬ್ರೆ ಆಫೀಸ್ ಕ್ಯಾಲ್ಕ್ ಬಳಸುವವರಿಗೆ

ಕಾರ್ಯದರ್ಶಿಯವರ ಮಗ ಮನೆಯ ಲ್ಯಾಪ್‌ಟಾಪ್‌ನಲ್ಲಿ ಅದೇ ಫೈಲನ್ನು ಕ್ಯಾಲ್ಕ್‌ನಲ್ಲಿ ತೆರೆದು, "ಅಂಕಲ್, ಶಿಫ್ಟ್ ಒತ್ತಿದರೂ ಮೇಲೆಯೇ ಬರೆದುಬಿಡುತ್ತೆ" ಅಂದ. ಅವನ ತಪ್ಪಿಲ್ಲ. ಕ್ಯಾಲ್ಕ್‌ನಲ್ಲಿ ನಡುವೆ ಸೇರಿಸುವ ಕೀ ಶಿಫ್ಟ್ ಅಲ್ಲ, ಆಲ್ಟ್. ನಕಲು ಸೇರಿಸಲು ಆಲ್ಟ್ ಮತ್ತು ಕಂಟ್ರೋಲ್.

ಎಕ್ಸೆಲ್ ಅಭ್ಯಾಸದಲ್ಲಿ ಕಂಟ್ರೋಲ್ ಮತ್ತು ಶಿಫ್ಟ್ ಒತ್ತಿ ಎಳೆದರೆ ಕ್ಯಾಲ್ಕ್ ನಕಲು ಸೇರಿಸುವುದಿಲ್ಲ. ಮೂಲ ಸೆಲ್‌ಗೆ ಕೊಂಡಿ ಹಾಕಿ, ಅಲ್ಲಿದ್ದದ್ದರ ಮೇಲೆ ಬರೆಯುತ್ತದೆ. ನೋಡಲು ಅದೇ ಅಂಕಿ. ಮೂಲ ಬದಲಿಸಿದ ದಿನ ಇದೂ ಬದಲಾಗುತ್ತದೆ. ಅನುಮಾನ ಬಂದರೆ ಸೆಲ್ ಮೇಲೆ ಕ್ಲಿಕ್ ಮಾಡಿ. ಅಂಕಿಯ ಬದಲು ಮೇಲೆ ಫಾರ್ಮುಲಾ ಕಂಡರೆ ಅದು ಕೊಂಡಿ.

ಹಿಡಿಯುವ ಜಾಗವೂ ಬೇರೆ. ಇಲ್ಲಿ ಆಯ್ಕೆ ಮಾಡಿದ ಸೆಲ್‌ಗಳ ಒಳಗೇ ಹಿಡಿದು ಎಳೆಯಬೇಕು. ಇಡೀ ಸಾಲನ್ನು ಆಯ್ಕೆ ಮಾಡಿದ್ದರೂ ಸಾಲಿನ ಸಂಖ್ಯೆಯನ್ನು ಹಿಡಿದು ಎಳೆಯಬೇಡಿ, ಆಯ್ಕೆ ತಪ್ಪಿಹೋಗುತ್ತದೆ. ಒಂದೇ ಸೆಲ್ ಸರಿಸಬೇಕಾದರೆ ಸುಮ್ನೆ ಕ್ಲಿಕ್ ಮಾಡಿದರೆ ಸಾಲದು. ಮೌಸ್ ಒತ್ತಿ ಪಕ್ಕದ ಸೆಲ್‌ವರೆಗೆ ಎಳೆದು, ಬಿಡದೆ ಮತ್ತೆ ಮೊದಲ ಸೆಲ್‌ಗೆ ಬಂದು ಬಿಡಿ. ಆಗ ಅದು ಆಯ್ಕೆಯಾಗುತ್ತದೆ, ಎಳೆಯಬಹುದು.

ಗುರುತು ಕೂಡ ನೋಡಿಕೊಳ್ಳಿ. ಮೇಲೆ ಬರೆಯುವಾಗ ನಾಲ್ಕೂ ಕಡೆ ಗೆರೆ ಇರುತ್ತದೆ. ನಡುವೆ ಸೇರಿಸುವಾಗ ಒಂದೇ ಗೆರೆ. ಮೇಲ್ಗಡೆ ಗೆರೆ ಕಂಡರೆ ಕೆಳಕ್ಕೆ ಸರಿಯುತ್ತದೆ, ಎಡಗಡೆ ಕಂಡರೆ ಬಲಕ್ಕೆ. ಸೇರಿಸಿದ ಮೇಲೆ ಸೆಲ್ ಮೊದಲಿದ್ದ ಜಾಗಕ್ಕೂ ಹೋಗಿ ಅಲ್ಲಿ ಖಾಲಿ ಉಳಿದಿದೆಯಾ ನೋಡಿ. ಉಳಿದಿದ್ದರೆ ಆ ಖಾಲಿ ಸೆಲ್‌ಗಳನ್ನು ಡಿಲೀಟ್ ಮಾಡಿ ಕೆಳಗಿನವನ್ನು ಮೇಲಕ್ಕೆ ತರಬೇಕು.

ಆ ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇತ್ತು. ಆಲ್ಟ್ ಒತ್ತಿ ಎಳೆದರೆ ಸೆಲ್ ಬದಲು ಇಡೀ ಕಿಟಕಿಯೇ ಜರುಗುತ್ತಿತ್ತು. ಲಿನಕ್ಸ್‌ನ ಹಲವು ಡೆಸ್ಕ್‌ಟಾಪ್‌ಗಳಲ್ಲಿ ಆಲ್ಟ್ ಎಳೆತ ಅಂದರೆ ಕಿಟಕಿ ಸರಿಸುವುದು. ಎಳೆಯಲು ಶುರುಮಾಡಿದ ಮೇಲೆ ಆಲ್ಟ್ ಒತ್ತು, ಮೌಸ್ ಬಿಡುವವರೆಗೂ ಹಿಡಿದಿರು ಅಂದೆ. ಎರಡನೇ ಪ್ರಯತ್ನಕ್ಕೆ ನಿಂಗಪ್ಪನವರ ಸಾಲು 102 ಮತ್ತು 104 ರ ನಡುವೆ, ಮೂರೂವರೆ ಲೀಟರಿನ ಸಮೇತ ಬಂದು ಕೂತಿತು.